ಬಿಳಿ ಸೆರಗು ನಿಲ್ಲಲೆಂದು ಒಳಗೆ ತೊಳೆಯಬೇಡಿ

ಬಸುರಿಯಲ್ಲಿ ಬಿಳಿ ಸೆರಗು ಹೆಚ್ಚಾಗುವುದು ಸಹಜ. ಈಸ್ಟ್ರೋಜನ್ ಹಾರ್ಮೋನ್ ಏರುತ್ತದೆ, ಗರ್ಭಕಂಠದ ಗ್ರಂಥಿಗಳು ಹೆಚ್ಚು ಸ್ರವಿಸುತ್ತವೆ. ತೆಳುವಾಗಿ, ಹಾಲಿನ ಬಣ್ಣದಲ್ಲಿ, ಕೆಟ್ಟ ವಾಸನೆಯಾಗಲಿ ತುರಿಕೆಯಾಗಲಿ ಇಲ್ಲದೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ತಿಂಗಳು ತುಂಬುತ್ತ ಬಂದಂತೆ ಇನ್ನೂ ಹೆಚ್ಚಾಗಬಹುದು. ಆದರೆ ಇದನ್ನು 'ಉಷ್ಣ' ಎಂದೋ ಕೊಳೆ ಎಂದೋ ತಿಳಿದು ಸೋಪು, ಡೆಟಾಲ್ ಹಾಕಿ ಒಳಗೆಲ್ಲ ತೊಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರುತ್ತವೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಸಂಬಂಧಿಗಳು ಇವು. ಇವು ಅಲ್ಲಿ ಹುಳಿಯಂಶ ಕಾಪಾಡುವುದರಿಂದಲೇ ಬೇರೆ ರೋಗಾಣುಗಳು ಬೆಳೆಯುವುದಿಲ್ಲ. ತೊಳೆದಷ್ಟೂ ಈ ಕಾವಲು ಹೋಗುತ್ತದೆ.

ಐದು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ನನ್ನ ಬಳಿ ತಪಾಸಣೆಗೆ ಬಂದಿದ್ದಳು. ಬೂದು ಬಣ್ಣದ ನೀರಾದ ಸ್ರಾವ, ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲೆ ವಾಸನೆ ಇನ್ನೂ ಜಾಸ್ತಿ ಎಂದು ಅತ್ತೆ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು. ವಾಸನೆಗೆ ಹೆದರಿ ತೊಳೆಯುವುದನ್ನು ಹೆಚ್ಚಿಸಿದ್ದಳು. ಮೆಡಿಕಲ್ ಶಾಪಿನಿಂದ ಫಂಗಸ್‌ಗೆ ಒಳಗಿಡುವ ಮಾತ್ರೆಯನ್ನೂ ತಂದು ಬಳಸಿದ್ದಳು, ಗುಣವಾಗಿರಲಿಲ್ಲ. ಗುಣವಾಗುವಂತೆಯೂ ಇರಲಿಲ್ಲ. ಫಂಗಸ್ ಆಗಿದ್ದರೆ ಒಡೆದ ಹಾಲಿನ ಗಟ್ಟಿಯಂತೆ ಬಿಳಿ ಚೂರುಗಳಿದ್ದು, ತುರಿಕೆ, ಉರಿ ಕಾಡುತ್ತಿತ್ತು. ವಾಸನೆ ಅಷ್ಟಾಗಿ ಇರುತ್ತಿರಲಿಲ್ಲ. ಇವಳಿಗೆ ತುರಿಕೆಯೇ ಇಲ್ಲ. ಸ್ರಾವದ ಪಿಎಚ್ 4.5 ದಾಟಿತ್ತು, ಅಂದರೆ ಹುಳಿಯಂಶ ಕಡಿಮೆಯಾಗಿತ್ತು, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಮುತ್ತಿಕೊಂಡ ಜೀವಕೋಶಗಳು ಕಂಡವು. ಅದು ಬ್ಯಾಕ್ಟೀರಿಯಲ್ ವಜೈನೋಸಿಸ್, ಕಾವಲಿನ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಹೆಚ್ಚುವ ತೊಂದರೆ. ಮೆಟ್ರೋನಿಡಜೋಲ್ ಏಳು ದಿನ ಕೊಟ್ಟೆ, ತೊಳೆಯುವುದನ್ನು ಬಿಡಿಸಿದೆ, ವಾಸನೆ ಹೋಯಿತು. ಇದಕ್ಕೂ ಅವಧಿಗೆ ಮುನ್ನ ಹೆರಿಗೆಯಾಗುವುದಕ್ಕೂ ನಂಟಿರುವುದರಿಂದ, ಇಂಥ ಲಕ್ಷಣ ಇದ್ದಾಗ ಚಿಕಿತ್ಸೆ ತಡಮಾಡಬಾರದು.

ಹಾಗೆಂದು ಅವಳಿಗೆ ಕೊಟ್ಟ ಮಾತ್ರೆಯನ್ನು ನೀವು ತಂದು ನುಂಗಬೇಡಿ. ಫಂಗಸ್‌ಗೆ ಬಸುರಿಯಲ್ಲಿ ನಾವು ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಅನ್ನು ಏಳು ರಾತ್ರಿ ಒಳಗಿಡಲು ಕೊಡುತ್ತೇವೆ. ನುಂಗುವ ಫ್ಲುಕೊನಜೋಲ್ ಕೊಡುವುದಿಲ್ಲ. ಮತ್ತೆ ಮತ್ತೆ ಬಂದರೆ ಸಕ್ಕರೆ ಪರೀಕ್ಷೆಯೂ ಆಗಬೇಕು. ಹಸಿರು ಹಳದಿ ನೊರೆ ಸ್ರಾವವಿದ್ದರೆ ಟ್ರೈಕೊಮೊನಾಸ್ ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಗಂಡನಿಗೂ ಚಿಕಿತ್ಸೆ ಬೇಕು. ಈ ಮಾತು ಹೇಳಿದಾಗ ಗಂಡಂದಿರು ಮುಖ ತಿರುಗಿಸುತ್ತಾರೆ, ಆದರೆ ಅವರು ಮಾತ್ರೆ ತೆಗೆದುಕೊಳ್ಳದಿದ್ದರೆ ಅವಳಿಗೆ ಮತ್ತೆ ಬರುತ್ತದೆ.

ನೀರಿನಂತೆ ತೆಳ್ಳಗೆ, ತಡೆಯಿಲ್ಲದೆ ಸೋರಿ ಬಟ್ಟೆ ನೆನೆಯುತ್ತಿದ್ದರೆ ಗರ್ಭದ ನೀರು ಹೋಗುತ್ತಿರಬಹುದು. ಆಗ, ಅಥವಾ ರಕ್ತ ಕಂಡರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬನ್ನಿ. ಒಂದು ಪ್ಯಾಡ್ ಕಟ್ಟಿಕೊಂಡು, ಬಳಸಿದ್ದನ್ನು ಎಸೆಯದೆ ತಂದರೆ ಬಣ್ಣ, ವಾಸನೆ ನೋಡಲು ನಮಗೆ ಅನುಕೂಲ. ತಪಾಸಣೆಗೆ ಬರುವ ಮುನ್ನವಂತೂ ಒಳಗೆ ತೊಳೆಯಲೇಬೇಡಿ, ನೋಡಬೇಕಾದ ಸ್ರಾವವೇ ಉಳಿದಿರುವುದಿಲ್ಲ.