‘ಒತ್ತಿದ್ದರೆ ಏನಾಗುತ್ತಿತ್ತು?’: ಹತ್ತಿರದ ಜಗತ್ತನ್ನು ಅಳೆಯುವ ಬಗೆ

ಕತ್ತಲೆಯ ಅಡುಗೆಮನೆ. ರಾತ್ರಿಯಿಡೀ ಗ್ಯಾಸ್ ಸೋರಿ ಕೋಣೆ ತುಂಬಿದೆ. ಒಬ್ಬಾಕೆ ಬಂದು ಲೈಟಿನ ಸ್ವಿಚ್ಚಿಗೆ ಕೈ ಚಾಚುತ್ತಾಳೆ. ಅಷ್ಟರಲ್ಲಿ ವಾಸನೆ ಮೂಗಿಗೆ ಬಡಿದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಸ್ವಿಚ್ ಒತ್ತುವಾಗ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ ಎಂದು ಬಲ್ಲವರು ಆಮೇಲೆ ಹೇಳುತ್ತಾರೆ: ‘ಒತ್ತಿದ್ದರೆ ಮನೆ ಸ್ಫೋಟಗೊಳ್ಳುತ್ತಿತ್ತು.’ ಈ ಮಾತು ನಿಜ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅವಳು ಒತ್ತಲಿಲ್ಲ, ಮನೆಯೂ ಹಾರಲಿಲ್ಲ. ಹಾಗಾದರೆ ಈ ವಾಕ್ಯವನ್ನು ನಿಜ ಮಾಡುತ್ತಿರುವುದು ಏನು?

ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಕಲಿತ `P → Q`, ಅಂದರೆ ‘P ಆದರೆ Q’, ಇಲ್ಲಿ ಕೈಕೊಡುತ್ತದೆ. ಅದು ಮೆಟೀರಿಯಲ್ ಕಂಡಿಷನಲ್. P ನಿಜವಾಗಿದ್ದು Q ಸುಳ್ಳಾದಾಗ ಮಾತ್ರ ಅದು ಸುಳ್ಳು. ಉಳಿದೆಲ್ಲ ಸಂದರ್ಭಗಳಲ್ಲೂ ನಿಜ. P, ಅಂದರೆ ‘ಸ್ವಿಚ್ ಒತ್ತಿದಳು’ ಎಂಬುದು, ಇಲ್ಲಿ ಸುಳ್ಳು. ಆದ್ದರಿಂದ ‘ಒತ್ತಿದಳು → ಮನೆ ಹಾರಿತು’ ನಿಜ. ಅಷ್ಟೇ ಸಲೀಸಾಗಿ ‘ಒತ್ತಿದಳು → ಏನೂ ಆಗಲಿಲ್ಲ’ ಕೂಡ ನಿಜ, ‘ಒತ್ತಿದಳು → ಚಂದ್ರ ಕರಗಿದ’ ಕೂಡ ನಿಜ. ನಡೆಯದ ಸಂಗತಿಯ ಬಗ್ಗೆ ಏನು ಹೇಳಿದರೂ ನಿಜವೇ ಆಗುವುದಾದರೆ ನಮ್ಮ ಮೂಲ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಕನ್ನಡ ಮಾತಾಡುವ ನಮಗೆ ಈ ವ್ಯತ್ಯಾಸ ಕಿವಿಯಲ್ಲೇ ಇದೆ. ‘ಅವನು ಬಂದಿದ್ದರೆ ಬಾಗಿಲು ತೆರೆದಿರುತ್ತದೆ’ ಅನ್ನುವವರಿಗೆ ಅವನು ಬಂದನೋ ಇಲ್ಲವೋ ಗೊತ್ತಿಲ್ಲ. ‘ಅವನು ಬಂದಿದ್ದರೆ ಬಾಗಿಲು ತೆರೆದಿರುತ್ತಿತ್ತು’ ಅನ್ನುವವರು ಅವನು ಬಂದಿಲ್ಲ ಎಂದೇ ಹೊರಟಿದ್ದಾರೆ. ಎರಡರಲ್ಲೂ ‘ಬಂದಿದ್ದರೆ’ ಒಂದೇ. ಗುಟ್ಟು ಕೊನೆಯ ಕ್ರಿಯಾಪದದಲ್ಲಿದೆ. ಈ ಎರಡನೆಯ ಬಗೆಯದ್ದೇ ಕೌಂಟರ್‌ಫ್ಯಾಕ್ಚುಯಲ್, ವಾಸ್ತವವಿರೋಧಿ ಷರತ್ತು. (ವ್ಯಾಕರಣ ಓದುವಾಗ ಇದನ್ನು ಯಾರೂ ನನಗೆ ತೋರಿಸಿರಲಿಲ್ಲ, ತರ್ಕ ಓದುವಾಗ ಕಣ್ಣಿಗೆ ಬಿತ್ತು.)

ಇನ್ನೊಂದು ಗುರುತೂ ಇದೆ. `P → Q` ನಿಜವಾದರೆ P ಜೊತೆಗೆ ಏನನ್ನೇ ಸೇರಿಸಿದರೂ ಅದು ನಿಜವಾಗಿಯೇ ಉಳಿಯುತ್ತದೆ. ಕೌಂಟರ್‌ಫ್ಯಾಕ್ಚುಯಲ್ ಹಾಗಲ್ಲ. ‘ಒತ್ತಿದ್ದರೆ ಮನೆ ಹಾರುತ್ತಿತ್ತು’ ನಿಜ. ‘ರಾತ್ರಿಯಿಡೀ ಕಿಟಕಿ ತೆರೆದಿಟ್ಟು, ಆಮೇಲೆ ಒತ್ತಿದ್ದರೆ ಮನೆ ಹಾರುತ್ತಿತ್ತು’ ಬಹುಶಃ ಸುಳ್ಳು. ಒಂದು ಷರತ್ತು ಸೇರಿಸಿದ ಕೂಡಲೇ ನಾವು ಕಲ್ಪಿಸಿಕೊಳ್ಳುವ ಸನ್ನಿವೇಶವೇ ಬದಲಾಯಿತು.

ಈ ಬದಲಾವಣೆಯನ್ನು ಹಿಡಿಯಲೆಂದು ತತ್ವಜ್ಞರಾದ ರಾಬರ್ಟ್ ಸ್ಟಾಲ್ನೇಕರ್ 1968ರಲ್ಲಿ, ಡೇವಿಡ್ ಲೂಯಿಸ್ 1973ರಲ್ಲಿ ಸಾಧ್ಯ ಜಗತ್ತುಗಳ, ಅಂದರೆ ನಮ್ಮ ಜಗತ್ತು ಬೇರೆ ಹೇಗೆಲ್ಲ ಇರಬಹುದಿತ್ತೋ ಆ ಬಗೆಗಳ, ಮೊರೆ ಹೋದರು. ವಿವರಗಳಲ್ಲಿ ಇಬ್ಬರಿಗೂ ಭಿನ್ನಮತವಿದೆ, ಅದನ್ನು ಇಲ್ಲಿ ಬಿಡೋಣ. ತಿರುಳು ಇಷ್ಟು: P ನಿಜವಾಗಿರುವ ಜಗತ್ತುಗಳಲ್ಲಿ ನಮ್ಮ ಜಗತ್ತಿಗೆ ಅತಿ ಹತ್ತಿರದವನ್ನು ಆರಿಸಿಕೊ, ಅಲ್ಲಿ Q ಕೂಡ ನಿಜವೇ ನೋಡು. ಹತ್ತಿರ ಅಂದರೆ ಹೋಲಿಕೆ. ಕಿಟಕಿಯನ್ನು ಮುಚ್ಚಿದಂತೆಯೇ ಬಿಟ್ಟ ಜಗತ್ತು ನಮಗೆ ಹೆಚ್ಚು ಹತ್ತಿರ. ಷರತ್ತು ಬಲವಂತ ಮಾಡಿದರೆ ಮಾತ್ರ ಕಿಟಕಿ ತೆರೆದ ದೂರದ ಜಗತ್ತಿಗೆ ಹೋಗಬೇಕಾಗುತ್ತದೆ.

ಇಲ್ಲಿಗೆ ಮುಗಿಯಿತು ಅನ್ನಿಸಬಹುದು. ಆದರೆ 1975ರಲ್ಲಿ ಇನ್ನೊಬ್ಬ ತತ್ವಜ್ಞ ಕಿಟ್ ಫೈನ್ ಒಂದು ಆಕ್ಷೇಪ ಎತ್ತಿದರು. ಅವರ ಉದಾಹರಣೆ ಅಣುಯುದ್ಧ ಶುರುಮಾಡುವ ಗುಂಡಿ ಒತ್ತುವುದರದು. ನಮ್ಮ ಅಡುಗೆಮನೆಗೂ ಅದು ಹೊಂದುತ್ತದೆ. ಸ್ವಿಚ್ ಒತ್ತಿದ ಎರಡು ಜಗತ್ತುಗಳನ್ನು ನೆನೆಯಿರಿ. ಒಂದರಲ್ಲಿ ಮನೆ ಹಾರಿ ಬೀದಿಯೆಲ್ಲ ಅವಶೇಷ. ಇನ್ನೊಂದರಲ್ಲಿ ಕಿಡಿ ಯಾಕೋ ಹಾರಲೇ ಇಲ್ಲ, ಮನೆ ನಿಂತಿದೆ, ಎಲ್ಲರೂ ಬದುಕಿದ್ದಾರೆ, ಥೇಟ್ ನಮ್ಮಲ್ಲಿ ಹೇಗೋ ಹಾಗೆ. ಒಟ್ಟಾರೆ ನಮ್ಮ ಜಗತ್ತನ್ನು ಹೋಲುವುದು ಎರಡನೆಯದು! ಹಾಗಾದರೆ ‘ಒತ್ತಿದ್ದರೆ ಮನೆ ಹಾರುತ್ತಿತ್ತು’ ಸುಳ್ಳಾಗಬೇಕಲ್ಲ?

ಮೇಲ್ನೋಟದ ಹೋಲಿಕೆಯನ್ನು ನಂಬಿದರೆ ಖಂಡಿತ ಆಗುತ್ತದೆ. ಹಾಗಾಗಿ 1979ರಲ್ಲಿ ಲೂಯಿಸ್ ಹೋಲಿಕೆಯನ್ನು ಯಾವ ನಾಲ್ಕು ಮಾನದಂಡಗಳಿಂದ, ಯಾವ ಕ್ರಮದಲ್ಲಿ ತೂಗಬೇಕು ಎಂದು ಹೇಳಿದರು. ಎಲ್ಲಕ್ಕಿಂತ ಮುಖ್ಯ, ನಿಸರ್ಗ ನಿಯಮಗಳ ದೊಡ್ಡ, ಹಲವೆಡೆ ಹರಡಿದ ಉಲ್ಲಂಘನೆ ಇರಬಾರದು. ಆಮೇಲೆ, ಎರಡು ಜಗತ್ತುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಕಾಲ-ದೇಶದ ಭಾಗ ಆದಷ್ಟು ದೊಡ್ಡದಿರಬೇಕು. ಮೂರನೆಯದಾಗಿ, ಸಣ್ಣ, ಒಂದೇ ಕಡೆಯ ಉಲ್ಲಂಘನೆಯನ್ನೂ ತಪ್ಪಿಸಬೇಕು. ಬರೀ ‘ಸುಮಾರಾಗಿ ಒಂದೇ ತರ’ ಅನ್ನುವ ಹೋಲಿಕೆಗೆ ಕೊನೆಯ ಸ್ಥಾನ: ಅಲ್ಪ ತೂಕ, ಅಥವಾ ತೂಕವೇ ಇಲ್ಲ. ಉಲ್ಲಂಘನೆಗೆ ಲೂಯಿಸ್ ‘ಪವಾಡ’ ಎನ್ನುತ್ತಾರೆ. ನಮ್ಮ ನಿಯಮಗಳ ಲೆಕ್ಕದಲ್ಲಿ ಅದು ಪವಾಡ, ಅಷ್ಟೇ. ದೇವರನ್ನು ತರುವ ಉದ್ದೇಶವಿಲ್ಲ.

ಈಗ ಅಡುಗೆಮನೆಗೆ ವಾಪಸು. ಎಲ್ಲವೂ ನಿಯಮಬದ್ಧವಾಗಿ, ಹಿಂದಿನ ಸ್ಥಿತಿಯಿಂದಲೇ ನಿರ್ಧಾರವಾಗಿ ನಡೆಯುತ್ತದೆ ಎಂದಿಟ್ಟುಕೊಳ್ಳೋಣ.

ಮೊದಲ ಜಗತ್ತಿನಲ್ಲಿ, ಕೈ ಚಾಚುವ ಕ್ಷಣದವರೆಗೆ ಎಲ್ಲವೂ ನಮ್ಮಲ್ಲಿದ್ದಂತೆಯೇ. ಆಗ ಅವಳ ಮಿದುಳಿನ ಕೆಲವು ನರಕೋಶಗಳಲ್ಲಿ ಒಂದು ಸಣ್ಣ ಪವಾಡ. ಕೈ ಹಿಂದೆ ಬರುವುದಿಲ್ಲ, ಸ್ವಿಚ್ ಒತ್ತುತ್ತಾಳೆ. ಮುಂದೆಲ್ಲ ನಿಯಮದ ಪ್ರಕಾರ, ಅಂದರೆ ಸ್ಫೋಟ. ಎರಡನೆಯದರಲ್ಲಿ ಪವಾಡವೇ ಇಲ್ಲ. ಆದರೆ ನಿಯಮ ಮುರಿಯದೆ ಅವಳು ಒತ್ತಬೇಕಾದರೆ ಅದರ ಹಿಂದಿನ ಕ್ಷಣ ಬೇರೆ ಇರಬೇಕು, ಅದರ ಹಿಂದಿನದೂ ಬೇರೆ, ಹೀಗೆ ಇಡೀ ಭೂತಕಾಲವೇ ಬೇರೆ. ಸಣ್ಣ ಪವಾಡ ತಪ್ಪಿಸಲು ಹೋಗಿ ಕರಾರುವಾಕ್ಕಾದ ಹೊಂದಿಕೆಯನ್ನೆಲ್ಲ ಕಳೆದುಕೊಂಡಂತಾಯಿತು. ಎರಡನೇ ಮಾನದಂಡ ಮೂರನೆಯದಕ್ಕಿಂತ ಮೇಲಿರುವುದರಿಂದ ಇದು ಸೋಲುತ್ತದೆ.

ಮೂರನೆಯದು ಫೈನ್ ಅವರ ಜಗತ್ತು: ಒತ್ತುತ್ತಾಳೆ, ಇನ್ನೊಂದು ಸಣ್ಣ ಪವಾಡವಾಗಿ ಕಿಡಿ ಹಾರುವುದಿಲ್ಲ. ಮನೆ ಉಳಿಯಿತು. ಆದರೆ ನಮ್ಮ ಜಗತ್ತಿಗೆ ಅದು ಮರಳಿ ಸೇರಿತೇ? ಇಲ್ಲ. ಸ್ವಿಚ್ಚಿನ ಮೇಲೆ ಬೆರಳಿನ ಗುರುತಿದೆ, ‘ಟಿಕ್’ ಎಂಬ ಸದ್ದು ಗಾಳಿಯನ್ನು ಅಲುಗಿಸಿದೆ, ‘ಒತ್ತಿಬಿಟ್ಟೆನಲ್ಲ’ ಎಂಬ ನೆನಪು ಅವಳಿಗಿದೆ. ಸಿಕ್ಕಿದ್ದು ಸುಮಾರಾದ ಹೋಲಿಕೆ ಮಾತ್ರ, ತೆತ್ತದ್ದು ಇನ್ನೊಂದು ಪವಾಡ. ನಾಲ್ಕನೆಯ ಜಗತ್ತಿನಲ್ಲಿ ಈ ಗುರುತುಗಳನ್ನೆಲ್ಲ ಒಂದೂ ಬಿಡದೆ ಅಳಿಸುತ್ತೇವೆ. ಮುಂದಿನ ಕಾಲವೆಲ್ಲ ನಮ್ಮದರೊಡನೆ ಹೊಂದುತ್ತದೆ. ಆದರೆ ಗುರುತುಗಳು ಹತ್ತಾರು ದಿಕ್ಕಿಗೆ ಚದುರಿರುವುದರಿಂದ ಅದಕ್ಕೆ ದೊಡ್ಡ ಪವಾಡವೇ ಬೇಕು, ಮೊದಲ ಮಾನದಂಡಕ್ಕೇ ಪೆಟ್ಟು. ಹೀಗಾಗಿ ಗೆಲ್ಲುವುದು ಮೊದಲನೆಯದು, ಮನೆ ಹಾರುತ್ತದೆ. ದಾರಿ ಕವಲೊಡೆಯಲು ಒಂದು ಸಣ್ಣ ಪವಾಡ ಸಾಕು, ಮತ್ತೆ ಕೂಡಲು ಸಾಲದು. ಭೂತವನ್ನು ಹಾಗೇ ಇಟ್ಟು ಭವಿಷ್ಯವನ್ನು ಮಾತ್ರ ಬದಲಿಸಿ ಯೋಚಿಸುವ ನಮ್ಮ ಅಭ್ಯಾಸದ ಮೂಲ ಇದೇ ಎಂಬುದು ಲೂಯಿಸ್ ವಾದ.

ನನಗೆ ತೊಡಕೆನಿಸುವುದು ನಾಲ್ಕನೇ ಮಾನದಂಡ. ತತ್ವಜ್ಞ ಸಿಡ್ನಿ ಮಾರ್ಗನ್‌ಬೆಸರ್ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ನಾಣ್ಯದ ಉದಾಹರಣೆಯಿದೆ. ಆ ನಾಣ್ಯ ಹೇಗೆ ಬೀಳುತ್ತದೆ ಎಂಬುದು ಶುದ್ಧ ಆಕಸ್ಮಿಕ. ತಲೆ ಬೀಳುತ್ತದೆ ಎಂದು ಪಣ ಕಟ್ಟಲು ಕರೆದರು, ನೀವು ಒಲ್ಲೆ ಅಂದಿರಿ, ತಲೆಯೇ ಬಿತ್ತು. ‘ಪಣ ಕಟ್ಟಿದ್ದರೆ ಗೆಲ್ಲುತ್ತಿದ್ದೆ’ ಎಂದು ಕೈ ಹಿಸುಕಿಕೊಳ್ಳುತ್ತೀರಿ, ಮಾತು ಸರಿಯೂ ಹೌದು. ಆದರೆ ಪಣ ಕಟ್ಟಿದ ಜಗತ್ತಿನಲ್ಲಿ ತಲೆ ಬಿದ್ದರೂ ಬಾಲ ಬಿದ್ದರೂ ನಿಯಮ ಮುರಿಯುವುದಿಲ್ಲ. ನಾಲ್ಕನೇ ಮಾನದಂಡಕ್ಕೆ ತೂಕವೇ ಇಲ್ಲವಾದರೆ ತಲೆಯ ಪರವಾಗಿ ಏನೂ ಉಳಿಯುವುದಿಲ್ಲ. ಸರಿ, ತೂಕ ಕೊಡೋಣ ಅಂದರೆ ಅಡುಗೆಮನೆ ಕೆಡುತ್ತದೆ: ಕಿಡಿ ಹಾರುವುದೂ ಆಕಸ್ಮಿಕವಾಗಿದ್ದರೆ, ಹಾರದಿರಲು ಪವಾಡವೇ ಬೇಡ, ಮನೆ ನಿಂತ ಜಗತ್ತು ಗೆದ್ದುಬಿಡುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ಸ್ಪಷ್ಟ: ನಾಣ್ಯ ಬೀಳುವುದಕ್ಕೂ ನಿಮ್ಮ ಪಣಕ್ಕೂ ಸಂಬಂಧವಿಲ್ಲ, ಕಿಡಿಗೆ ಮಾತ್ರ ಸ್ವಿಚ್ಚೇ ಕಾರಣ. ಹಾಗಾಗಿ ಕಾರಣದ ನಂಟಿಲ್ಲದ ಸಂಗತಿಗಳನ್ನು ಮಾತ್ರ ಇದ್ದಂತೆ ಹಿಡಿದಿಡಿ ಎಂದು ಹಲವರು ತಿದ್ದುಪಡಿ ಸೂಚಿಸಿದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಲೂಯಿಸ್‌ಗೆ ಅದು ದುಬಾರಿ. ಕಾರಣ ಎಂದರೇನು ಎಂಬುದನ್ನೇ ಅವರು ಕೌಂಟರ್‌ಫ್ಯಾಕ್ಚುಯಲ್‌ಗಳ ಮೂಲಕ ವಿವರಿಸಲು ಹೊರಟಿದ್ದರು. ಹೋಲಿಕೆಯ ಅಳತೆಗೋಲಿನೊಳಗೇ ಕಾರಣವನ್ನು ಸೇರಿಸಿದರೆ ವಿವರಣೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.