ಎತ್ತಿದ ಚೀಟಿಯನ್ನು ಮರಳಿ ಹಾಕಿದರೆ ಏನಾಗುತ್ತದೆ?

ತಿಕೋಟಾ ಸುತ್ತಿನ ನಾಲ್ಕು ದ್ರಾಕ್ಷಿ ತೋಟಗಳಲ್ಲಿ ಎಕರೆಗೆ 2, 3, 4 ಮತ್ತು 5 ಟನ್ ಮಣೂಕ ಬಂದಿದೆ ಎಂದು ಇಟ್ಟುಕೊಳ್ಳಿ. ನಿಜವಾದ ಸರಾಸರಿ 3.5 ಟನ್. ಅದು ನಮಗೆ ಗೊತ್ತಿಲ್ಲ. ಚೀಟಿ ಎತ್ತಿ ಎರಡು ತೋಟಗಳನ್ನಷ್ಟೇ ಅಳೆದು ಅಂದಾಜು ಮಾಡಬೇಕು.

ಮೊದಲ ಚೀಟಿಯನ್ನು ಡಬ್ಬಿಗೆ ಮರಳಿ ಹಾಕಿ ಎರಡನೆಯದನ್ನು ಎತ್ತಿದರೆ 16 ಬಗೆಯ ಫಲಿತಾಂಶ ಸಾಧ್ಯ. ಪ್ರತಿ ಬಾರಿಯ ಸರಾಸರಿ 3.5ರಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರದ ವರ್ಗಗಳನ್ನು ಕೂಡಿಸಿದರೆ 10 ಬರುತ್ತದೆ. 16ರಿಂದ ಭಾಗಿಸಿದರೆ 0.625. ಇದೇ ಮಾದರಿ ಸರಾಸರಿಯ ವೇರಿಯನ್ಸ್. ಆ 10ರಲ್ಲಿ 5 ಬರುವುದು ಒಂದೇ ತೋಟ ಎರಡು ಸಲ ಬಂದ ನಾಲ್ಕೇ ಫಲಿತಾಂಶಗಳಿಂದ. 2 ಟನ್ನಿನ ತೋಟವೇ ಎರಡೂ ಸಲ ಬಂದರೆ ಅಂದಾಜು ಪೂರ್ತಿ ಕೆಳಗಿಳಿಯುತ್ತದೆ, 5 ಟನ್ನಿನದು ಬಂದರೆ ಮೇಲಕ್ಕೇರುತ್ತದೆ. ಎರಡನೇ ಅಳತೆಯಿಂದ ಹೊಸದೇನೂ ತಿಳಿಯುವುದಿಲ್ಲ.

ಚೀಟಿ ಮರಳಿ ಹಾಕದಿದ್ದರೆ ಆ ನಾಲ್ಕೂ ಫಲಿತಾಂಶಗಳು ಇಲ್ಲವಾಗುತ್ತವೆ. ಉಳಿದ 12ರ ಮೊತ್ತ 5, ವೇರಿಯನ್ಸ್ ಸುಮಾರು 0.417. ಇದಕ್ಕೆ ಇನ್ನೊಂದು ಮುಖವೂ ಇದೆ: ಮೊದಲು 5 ಟನ್ನಿನ ತೋಟ ಬಂದರೆ ಡಬ್ಬಿಯಲ್ಲಿ ಉಳಿದವುಗಳ ಸರಾಸರಿ 3; 2 ಟನ್ನಿನದು ಬಂದರೆ 4. ಅಂದರೆ ಮೊದಲ ಎತ್ತುವಿಕೆಯ ಏರುಪೇರನ್ನು ಎರಡನೆಯದು ಸ್ವಲ್ಪ ಎದುರು ದಿಕ್ಕಿಗೆ ಎಳೆಯುತ್ತದೆ. ಎರಡೂ ವಿಧಾನಗಳ ಅಂದಾಜು ದೀರ್ಘಕಾಲದಲ್ಲಿ 3.5ರ ಸುತ್ತಲೇ ಇರುತ್ತದೆ. ಬದಲಾಗುವುದು ಚದುರುವಿಕೆ ಮಾತ್ರ.

ಒಟ್ಟು N ತೋಟಗಳಿಂದ n ಆರಿಸಿದರೆ, ಮರಳಿ ಹಾಕಿದ ವೇರಿಯನ್ಸನ್ನು (N−n)/(N−1)ರಿಂದ ಗುಣಿಸಿದರೆ ಮರಳಿ ಹಾಕದ ವೇರಿಯನ್ಸ್ ಸಿಗುತ್ತದೆ. ನಮ್ಮಲ್ಲಿ ಅದು 2/3. ಪಟ್ಟಿಯಲ್ಲಿ 400 ತೋಟಗಳಿದ್ದು 100 ಅಳೆದರೆ 300/399, ಸುಮಾರು 0.75; ವೇರಿಯನ್ಸಿನ ವರ್ಗಮೂಲವಾದ ಪ್ರಮಾಣಿತ ದೋಷ ಶೇ. 13ರಷ್ಟು ಇಳಿಯುತ್ತದೆ. 40,000ದಲ್ಲಿ 100 ಅಳೆದರೆ 0.9975, ಅಲ್ಲಿ ವಿಧಾನದ ಗೊಡವೆಯೇ ಬೇಡ.

ಎಡವುವುದು ಹೆಚ್ಚಾಗಿ ಕಂಪ್ಯೂಟರಿನ ಮುಂದೆ. R ಭಾಷೆಯ `sample(400, 100)` ಮರಳಿ ಹಾಕುವುದಿಲ್ಲ, ಆದರೆ ಪೈಥಾನ್ ಭಾಷೆಯ `numpy.random.choice(400, 100)` ತಾನಾಗಿಯೇ ಮರಳಿ ಹಾಕುತ್ತದೆ. `replace=False` ಎಂದು ಬರೆಯಲೇಬೇಕು. ಬಂದ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆಗಳು 100 ಇವೆಯೇ ಎಂದು ಎಣಿಸಿದರೆ ತಪ್ಪು ಕೂಡಲೇ ಕಾಣುತ್ತದೆ. ಪುನರಾವರ್ತನೆಯನ್ನು ಅಳಿಸಿ, 100 ಬೇರೆ ಬೇರೆ ತೋಟ ಆಗುವವರೆಗೆ ಮತ್ತೆ ಎತ್ತುತ್ತಾ ಹೋದರೆ ಅದು ಮರಳಿ ಹಾಕದ ಮಾದರಿಯೇ. ಅಳಿಸಿ ಸುಮ್ಮನಾದರೆ ಕೈಯಲ್ಲಿ ಉಳಿಯುವುದು ಸುಮಾರು 89 ತೋಟ ಮಾತ್ರ.

ಈ ಕಡಿತ ಸಲ್ಲುವುದು ಆ 400 ತೋಟಗಳ ಈ ವರ್ಷದ ಸರಾಸರಿಯೇ ಪ್ರಶ್ನೆಯಾಗಿದ್ದಾಗ. ಅದೇ ಅಂದಾಜನ್ನು ಮುಂದಿನ ವರ್ಷದ ಬೆಳೆಗೆ ಒಯ್ಯುವುದಾದರೆ ಕಡಿತವನ್ನು ಬಿಡಬೇಕು; ಇನ್ನೂ ಬಾರದ ಬೆಳೆಯ ಒಂದು ಪಾಲನ್ನೂ ನಾವು ಅಳೆದಿಲ್ಲ.