ಮೂರು ಗುಂಪುಗಳಿದ್ದರೆ ಪರ್ಯಾಯ ಪ್ರಾಕ್ಕಲ್ಪನೆ ಬರೆಯುವುದು ಹೇಗೆ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗ, ಮಧ್ಯಭಾಗ, ಕೊನೆಭಾಗದ ಭತ್ತದ ಇಳುವರಿಯನ್ನು ಹೋಲಿಸುತ್ತಿದ್ದೇನೆ. ಶೂನ್ಯ ಮತ್ತು ಪರ್ಯಾಯ ಪ್ರಾಕ್ಕಲ್ಪನೆಗಳನ್ನು ಹೇಗೆ ಬರೆಯಲಿ? – ಓದುಗರು, ರಾಯಚೂರು

ಶೂನ್ಯ ಪ್ರಾಕ್ಕಲ್ಪನೆಯಲ್ಲಿ ತೊಡಕಿಲ್ಲ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳ ಸರಾಸರಿ ಇಳುವರಿ ಒಂದೇ ಎನ್ನುವುದೇ ಅದು: H₀: μ₁ = μ₂ = μ₃. ಇಲ್ಲಿ μ ಎಂದರೆ ಆ ಭಾಗದ ಎಲ್ಲ ಗದ್ದೆಗಳ ಸರಾಸರಿ. ನೀವು ಅಳೆದ ಇಪ್ಪತ್ತೋ ಮೂವತ್ತೋ ಗದ್ದೆಗಳದ್ದಲ್ಲ. ಅಳೆದ ಗದ್ದೆಗಳ ಸರಾಸರಿ ನಿಮ್ಮ ಕೈಯಲ್ಲೇ ಇರುತ್ತದೆ, ಅದರ ಬಗ್ಗೆ ಊಹಿಸುವುದೇನೂ ಉಳಿದಿರುವುದಿಲ್ಲ.

ಎಡವುವುದು ಪರ್ಯಾಯದಲ್ಲಿ. ಪ್ರತಿ ವರ್ಷ ನನ್ನ ಮೇಜಿಗೆ ಬರುವ ಪ್ರಬಂಧಗಳಲ್ಲಿ μ₁ ≠ μ₂ ≠ μ₃ ಎಂದೇ ಇರುತ್ತದೆ. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರೆ, ‘ಸೀನಿಯರ್ ಪ್ರಬಂಧದಲ್ಲೂ ಹೀಗೇ ಇತ್ತು ಸರ್’ ಎನ್ನುತ್ತಾರೆ. ಅಲ್ಲಿಯೂ ಅದು ತಪ್ಪೇ.

ಲೆಕ್ಕ ಹಾಕಿ ನೋಡಿ. ಮೇಲ್ಭಾಗದಲ್ಲಿ ಎಕರೆಗೆ 40 ಚೀಲ, ಮಧ್ಯಭಾಗದಲ್ಲೂ 40, ನೀರು ಸರಿಯಾಗಿ ತಲುಪದ ಕೊನೆಭಾಗದಲ್ಲಿ 28 ಎಂದುಕೊಳ್ಳಿ. ಶೂನ್ಯ ಪ್ರಾಕ್ಕಲ್ಪನೆ ಸುಳ್ಳಾಯಿತು. ಆದರೆ μ₁ = μ₂ ಆಗಿರುವುದರಿಂದ ನಿಮ್ಮ ಪರ್ಯಾಯವೂ ಸುಳ್ಳು! ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕಾದ ಜೋಡಿ ಇದು. ನೀವು ಬರೆದ ಜೋಡಿಯಲ್ಲಿ ಈ ಭಾಗದ ರೈತರು ದಿನವೂ ಹೇಳುವ ಸ್ಥಿತಿಗೇ ಜಾಗವಿಲ್ಲ. ಇನ್ನೊಂದು ದೋಷವೂ ಇದೆ. 40, 28, 40 ಎಂದಿಟ್ಟರೆ ಆ ಎರಡೂ ≠ ಚಿಹ್ನೆಗಳು ಸರಿಯಾಗಿಯೇ ಇರುತ್ತವೆ, ಆದರೂ ಮೊದಲನೆಯದೂ ಮೂರನೆಯದೂ ಒಂದೇ. ಅಂದರೆ ‘ಮೂರೂ ಬೇರೆ ಬೇರೆ’ ಎಂಬ ಮಾತನ್ನು ಕೂಡ ಆ ಸಾಲು ಹೇಳುವುದಿಲ್ಲ.

‘ಎಲ್ಲವೂ ಸಮ’ ಎಂಬುದರ ವಿರುದ್ಧ ‘ಎಲ್ಲವೂ ಅಸಮ’ ಅಲ್ಲ, ‘ಎಲ್ಲವೂ ಸಮವಲ್ಲ’. ಆದ್ದರಿಂದ ಹೀಗೆ ಮಾತಿನಲ್ಲೇ ಬರೆಯಿರಿ: ‘H₁: ಮೂರು ಭಾಗಗಳಲ್ಲಿ ಕನಿಷ್ಠ ಎರಡರ ಸರಾಸರಿ ಇಳುವರಿ ಪರಸ್ಪರ ಭಿನ್ನವಾಗಿದೆ.’ ಅನೋವಾದ F ಪರೀಕ್ಷೆ ಪರಿಶೀಲಿಸುವುದು ಇಷ್ಟನ್ನೇ. ಯಾವ ಎರಡು ಎಂಬುದನ್ನು ಅದು ಹೇಳುವುದಿಲ್ಲ; ಅದಕ್ಕೆ ಟ್ಯೂಕಿ ಪರೀಕ್ಷೆ ಮಾಡಬೇಕು.

ನೀವು ಕೇಳಿಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿರುವುದು ‘ಕೊನೆಭಾಗದಲ್ಲಿ ಇಳುವರಿ ಕಡಿಮೆ’ ಎಂಬುದೇ ಇರಬೇಕು. F ಪರೀಕ್ಷೆಗೆ ದಿಕ್ಕಿಲ್ಲ. ಕೊನೆಭಾಗದಲ್ಲಿ ಇಳುವರಿ ಹೆಚ್ಚಿದ್ದರೂ ಅದು ಭಿನ್ನತೆಯನ್ನಷ್ಟೇ ತೋರಿಸುತ್ತದೆ. ದಿಕ್ಕು ಬೇಕಿದ್ದರೆ ಬೇರೆಯೇ ಒಂದು ಜೋಡಿ ಬರೆಯಿರಿ:

H₀: μ₃ ≥ (μ₁ + μ₂)/2
H₁: μ₃ < (μ₁ + μ₂)/2

ಇದನ್ನು ಕಟಾವಿಗೆ ಮುನ್ನವೇ ಬರೆದು, ದಿನಾಂಕ ಹಾಕಿ ಮಾರ್ಗದರ್ಶಕರಿಗೆ ಕೊಡಿ. ಚೀಲ ಎಣಿಸಿದ ಮೇಲೆ ದಿಕ್ಕು ಆರಿಸಿಕೊಂಡರೆ, ನೀವು ಹೇಳುವ ಶೇ. 5ರ ತಪ್ಪಿನ ಮಿತಿ ಆ ಪರೀಕ್ಷೆಗೆ ಅನ್ವಯಿಸುವುದಿಲ್ಲ.